ತಡವಾಗಿ ಬಂದವರಿಗೆ ಬರೆಯುವ ಕನ್ನಡ: ಮೇಲ್ವಿಚಾರಕರ ಅನೌಪಚಾರಿಕ ಸೂಚನೆಗಳಲ್ಲಿ ವೃತ್ತಿಪರತೆ ಮತ್ತು ನ್ಯಾಯ

ಕಚೇರಿಯ ಮೇಲ್ವಿಚಾರಕರು ತಮ್ಮ ಕೈಕೆಳಗಿನವರಿಗೆ ತಡಹಾಜರಿಯ ಬಗ್ಗೆ ಬರೆಯುವ ಕಿರುಸೂಚನೆಗಳು ಭಾಷಾಶಾಸ್ತ್ರಜ್ಞರ ಗಮನವನ್ನು ಹೆಚ್ಚಾಗಿ ಸೆಳೆದಿಲ್ಲ. ಅವು ಆಡಳಿತ ಕನ್ನಡದ ಅಧ್ಯಯನಕ್ಕೆ ಸೇರುವಷ್ಟು ಔಪಚಾರಿಕವಲ್ಲ. ಸಂಭಾಷಣೆಯ ಅಧ್ಯಯನಕ್ಕೆ ಸೇರುವಷ್ಟು ಮಾತೂ ಅಲ್ಲ. ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಬರೆದು ಕಳುಹಿಸುವ ಈ ಸಂದೇಶಗಳು ಆಡುಮಾತಿನ ಸಲಿಗೆಯಲ್ಲಿ ಹುಟ್ಟುತ್ತವೆ, ಆದರೆ ಲಿಖಿತ ದಾಖಲೆಯಾಗಿ ಉಳಿಯುತ್ತವೆ. ಮುಂದೆ ಎಂದಾದರೂ ವಿಚಾರಣೆ ನಡೆದರೆ ಅವೇ ಪುರಾವೆಯಾಗಿ ಮೇಜಿನ ಮೇಲೆ ಬರಬಹುದು. ಇಂಥ ಸೂಚನೆಯೊಂದನ್ನು ವೃತ್ತಿಪರವೂ ನ್ಯಾಯಸಮ್ಮತವೂ ಆಗಿಸಲು ಕನ್ನಡ ವ್ಯಾಕರಣದ ಯಾವ ಆಯ್ಕೆಗಳು ನೆರವಾಗುತ್ತವೆ, ಯಾವುವು ತೊಡಕಾಗುತ್ತವೆ ಎಂಬುದನ್ನು ಒಂದೇ ಉದಾಹರಣೆಯ ಮೂರು ರೂಪಗಳ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ. ವೃತ್ತಿಪರತೆ ಮತ್ತು ನ್ಯಾಯ ಎರಡೂ ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ ಎಂಬುದು ನಮ್ಮ ವಾದ. ಭಾಷಾಪ್ರಭೇದವನ್ನು ಬದಲಿಸುವುದರಿಂದ ಸೂಚನೆ ಗಂಭೀರವಾಗಿ ಕೇಳಿಸಬಹುದು. ಅದರೊಳಗಿನ ಆರೋಪ ಮಾತ್ರ ಇದ್ದಲ್ಲೇ ಇರುತ್ತದೆ.

ಉದಾಹರಣೆಗಳನ್ನು ವಿಶ್ಲೇಷಣೆಗಾಗಿ ನಾವೇ ಕಟ್ಟಿಕೊಂಡಿದ್ದೇವೆ. ಸನ್ನಿವೇಶ ಹೀಗಿದೆ. ಹದಿನಾಲ್ಕು ಜನರ ಒಂದು ವಿಭಾಗ; ಕೆಲಸ ಆರಂಭವಾಗುವುದು 9.30ಕ್ಕೆ, ಹತ್ತು ನಿಮಿಷದ ರಿಯಾಯಿತಿ ಎಲ್ಲರಿಗೂ ಉಂಟು. ಒಬ್ಬ ನೌಕರರ ಬೆರಳಚ್ಚು ಹಾಜರಿ ಆ ತಿಂಗಳ 3ರಂದು 9.52ಕ್ಕೆ, 5ರಂದು 10.05ಕ್ಕೆ, 11ರಂದು 9.48ಕ್ಕೆ ದಾಖಲಾಗಿದೆ. 11ರವರೆಗೆ ಒಟ್ಟು ಎಂಟು ಕೆಲಸದ ದಿನಗಳು. ಆ ದಿನ ಬೆಳಿಗ್ಗೆ ಮೇಲ್ವಿಚಾರಕರು ಬರೆಯುತ್ತಾರೆ:

(1) ಏನ್ರೀ ಇದು, ಇವತ್ತೂ ಲೇಟಾ? ದಿನಾ ಇದೇ ಆಯ್ತು. ಎಷ್ಟು ಸಲ ಹೇಳ್ಬೇಕು ನಿಮಗೆ? ಬೇರೆಯವರೆಲ್ಲ ಟೈಮಿಗೆ ಬರಲ್ವಾ? ಇನ್ನೊಂದ್ ಸಲ ಹೀಗಾದ್ರೆ ನಾನು ನೋಡ್ಕೋತೀನಿ.

ಇದು ಒರಟಾಗಿದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬರೆದವರಿಗೂ ಅದು ತಿಳಿದಿರುತ್ತದೆ. ಆದ್ದರಿಂದ ಕಳುಹಿಸುವ ಮೊದಲು ಅವರು ಅದನ್ನು 'ಸರಿಯಾದ ಭಾಷೆಗೆ' ತರುತ್ತಾರೆ. ಕನ್ನಡದಲ್ಲಿ ಸರಿಯಾದ ಭಾಷೆ ಎಂದಾಗ ನೆನಪಿಗೆ ಬರುವುದು ಸರಕಾರಿ ಪತ್ರದ ಭಾಷೆ:

(2) ತಾವು ಪದೇ ಪದೇ ಕಚೇರಿಗೆ ತಡವಾಗಿ ಹಾಜರಾಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ವರ್ತನೆಯನ್ನು ಗಂಭೀರವಾಗಿ ಪರಿಗಣಿಸಲಾಗಿದ್ದು, ಪುನರಾವರ್ತನೆಯಾದಲ್ಲಿ ಶಿಸ್ತುಕ್ರಮ ಕೈಗೊಳ್ಳಲಾಗುವುದು.

(1) ಮತ್ತು (2)ರ ನಡುವೆ ಪದಕೋಶ ಪೂರ್ತಿ ಬದಲಾಗಿದೆ. 'ಲೇಟು' ಹೋಗಿ 'ತಡವಾಗಿ ಹಾಜರಾಗು' ಬಂದಿದೆ, 'ನೀವು' ಹೋಗಿ 'ತಾವು' ಬಂದಿದೆ, ಪ್ರಶ್ನೆಗಳು ಮಾಯವಾಗಿವೆ. ಆದರೆ ಎರಡನ್ನೂ ಓದಿದ ನೌಕರರಿಗೆ ತಿಳಿಯುವುದು ಒಂದೇ: ನೀವು ತಡಮಾಡುವ ಸ್ವಭಾವದವರೆಂದು ತೀರ್ಮಾನವಾಗಿದೆ, ಏನೋ ಒಂದು ಕಾದಿದೆ, ನಿಮ್ಮ ಮಾತನ್ನು ಯಾರೂ ಕೇಳುತ್ತಿಲ್ಲ. ಫರ್ಗುಸನ್ 1959ರಲ್ಲಿ ವಿವರಿಸಿದ ದ್ವಿಭಾಷಿಕತೆಯ ಮಾದರಿಯನ್ನು ಕನ್ನಡದ ಬರಹ ಮತ್ತು ಆಡುಮಾತುಗಳಿಗೆ ಅನ್ವಯಿಸುವ ಅಭ್ಯಾಸ ನಮ್ಮಲ್ಲಿದೆ. ಆ ಮಾದರಿಯಲ್ಲಿ ಮೇಲುಭೇದಕ್ಕೆ ಹೋಗುವುದೆಂದರೆ ಗೌರವ ಹೆಚ್ಚಿಸಿದಂತೆ. ತಡಹಾಜರಿಯ ಸೂಚನೆಯಲ್ಲಿ ಆಗುವುದು ಅದಕ್ಕೆ ತಿರುಗುಮುರುಗು.

ಹಾಗಾದರೆ ಆರೋಪ ಎಲ್ಲಿ ಕುಳಿತಿದೆ? ಮೊದಲು ಕ್ರಿಯಾಪದವನ್ನು ನೋಡೋಣ.

ಕನ್ನಡದಲ್ಲಿ 'ತಡವಾಗಿ ಬರುತ್ತೀರಿ' ಎಂಬುದು ಒಂದು ದಿನದ ಘಟನೆಯನ್ನು ಹೇಳುವುದಿಲ್ಲ. 'ಉತ್ತ' ಸೇರಿದ ರೂಪ ಭವಿಷ್ಯವನ್ನು ಸೂಚಿಸದಿದ್ದಾಗ ರೂಢಿಯನ್ನೇ ಸೂಚಿಸುತ್ತದೆ. 'ಅವರು ಕಾಫಿ ಕುಡಿಯುತ್ತಾರೆ' ಎಂದರೆ ಕಾಫಿ ಕುಡಿಯುವ ಅಭ್ಯಾಸದವರು ಎಂದರ್ಥ. 'ತಡವಾಗಿ ಬರುತ್ತಿದ್ದೀರಿ' ಎಂದಾಗ ಪುನರಾವರ್ತನೆಯ ಅರ್ಥ ಬರುತ್ತದೆ, ಏಕೆಂದರೆ ಬರುವುದು ಒಂದು ಕ್ಷಣದಲ್ಲಿ ಮುಗಿಯುವ ಕ್ರಿಯೆ. ಅದನ್ನು 'ನಡೆಯುತ್ತಿದೆ' ಎನ್ನಬೇಕಾದರೆ ಹಲವು ಬಾರಿ ನಡೆದಿರಲೇಬೇಕು. ಇದಕ್ಕೆ ಪ್ರತಿಯಾಗಿ 'ತಡವಾಗಿ ಬಂದಿದ್ದೀರಿ' ಎಂಬುದು ಎಣಿಸಬಹುದಾದ ಘಟನೆ. ಅದರ ಜೊತೆ ದಿನಾಂಕವನ್ನು ಹೇಳಬಹುದು: '3ರಂದು ತಡವಾಗಿ ಬಂದಿದ್ದೀರಿ'. '3ರಂದು ತಡವಾಗಿ ಬರುತ್ತೀರಿ' ಎಂಬ ವಾಕ್ಯವಾದರೆ ಆಗಿಹೋದ ದಿನದ ಬಗ್ಗೆ ಹೊಂದುವುದೇ ಇಲ್ಲ. ಹೀಗೆ ದಿನಾಂಕವನ್ನು ಸೇರಿಸಿ ನೋಡುವುದೇ ಒಂದು ಸುಲಭದ ಪರೀಕ್ಷೆ. ದಿನಾಂಕ ಒಗ್ಗದ ಕ್ರಿಯಾಪದ ಘಟನೆಯನ್ನು ಬಿಟ್ಟು ವ್ಯಕ್ತಿಯನ್ನು ವರ್ಣಿಸುತ್ತಿದೆ ಎಂದು ತಿಳಿಯಬೇಕು.

ಈ ಭೇದ ವೈಯಾಕರಣರ ಕುತೂಹಲವಷ್ಟೇ ಅಲ್ಲ. 1946ರ ಔದ್ಯೋಗಿಕ ಉದ್ಯೋಗ (ಸ್ಥಾಯೀ ಆದೇಶಗಳು) ಕಾಯಿದೆಯಡಿ ರೂಪಿಸಲಾದ ಮಾದರಿ ಆದೇಶಗಳಲ್ಲಿ ತಡಹಾಜರಿಯ ಪ್ರಸ್ತಾಪ ಎರಡು ಕಡೆ ಬರುತ್ತಿತ್ತು. ಹಾಜರಿಯ ನಿಯಮದಲ್ಲಿ ತಡವಾಗಿ ಬಂದವರ ವೇತನದಲ್ಲಿ 1936ರ ವೇತನ ಪಾವತಿ ಕಾಯಿದೆಯಂತೆ ಕಡಿತವಾಗಬಹುದು ಎಂದಷ್ಟೇ ಇತ್ತು. ದುರ್ನಡತೆಗಳ ಪಟ್ಟಿಯಲ್ಲಿ ಸೇರಿದ್ದುದು ರೂಢಿಗತ ತಡಹಾಜರಿ. ಎಂದರೆ ಒಂದು ದಿನ ತಡವಾಗುವುದು ಲೆಕ್ಕದ ವಿಷಯ. ಅದು ಅಭ್ಯಾಸವಾದಾಗ ಮಾತ್ರ ಶಿಸ್ತಿನ ವಿಷಯ. ಎರಡರ ನಡುವಿನ ಗೆರೆ ಒಂದು ವಿಶೇಷಣದ ಮೇಲೆ ನಿಂತಿದೆ, ಮತ್ತು ಆ ವಿಶೇಷಣದ ಅರ್ಥವನ್ನು ಕನ್ನಡದ ಕ್ರಿಯಾಪದ ತನ್ನ ಪ್ರತ್ಯಯದಲ್ಲೇ ಹೊತ್ತುಕೊಂಡಿದೆ. (1)ರ 'ದಿನಾ ಇದೇ ಆಯ್ತು', (2)ರ 'ಪದೇ ಪದೇ ಹಾಜರಾಗುತ್ತಿರುವುದು' ಎರಡೂ ಲೆಕ್ಕದ ವಿಷಯವನ್ನು ಶಿಸ್ತಿನ ವಿಷಯವಾಗಿ ದಾಟಿಸಿಬಿಟ್ಟಿವೆ. ಬರೆದವರಿಗೆ ಆ ಉದ್ದೇಶ ಇರಲಿಲ್ಲದಿರಬಹುದು. ಎಂಟು ದಿನಗಳಲ್ಲಿ ಮೂರು ಬಾರಿ ಎಂಬುದು 'ದಿನಾ' ಅಲ್ಲವೆಂಬುದಂತೂ ಎಣಿಸಬಲ್ಲ ಯಾರಿಗಾದರೂ ತಿಳಿಯುತ್ತದೆ. ಮೇಲ್ವಿಚಾರಕರ ಸೂಚನೆಯಲ್ಲಿ ಸುಲಭವಾಗಿ ಸುಳ್ಳೆಂದು ತೋರಿಸಬಹುದಾದ ಮಾತೊಂದಿದ್ದರೆ ಉಳಿದ ನಿಜವೂ ಅದರೊಂದಿಗೆ ಸಡಿಲವಾಗುತ್ತದೆ.

ಎರಡನೆಯ ನೆಲೆ 'ಆಗು' ಮತ್ತು 'ಮಾಡು'ಗಳದು. 'ತಡ ಮಾಡಿದಿರಿ' ಎಂದರೆ ಪ್ರಥಮಾ ವಿಭಕ್ತಿಯ ಕರ್ತೃ ತನ್ನ ಇಚ್ಛೆಯಿಂದ ಮಾಡಿದ ಕೆಲಸ. 'ನಿಮಗೆ ತಡವಾಯಿತು' ಎಂದರೆ ಚತುರ್ಥಿಯಲ್ಲಿ ನಿಂತ ವ್ಯಕ್ತಿಗೆ ಒದಗಿದ ಸ್ಥಿತಿ. ಹಸಿವಾದಂತೆ, ಜ್ವರ ಬಂದಂತೆ, ಅದು ಅವರ ಕೈಯಲ್ಲಿರಲಿಲ್ಲ. ದ್ರಾವಿಡ ಭಾಷೆಗಳ ಚತುರ್ಥಿ ಕರ್ತೃವಿನ ಬಗ್ಗೆ ಸಾಕಷ್ಟು ಬರಹ ಇದೆ. ಅದು ಅನುಭವವನ್ನೂ ಅನೈಚ್ಛಿಕತೆಯನ್ನೂ ಸೂಚಿಸುತ್ತದೆಂಬುದು ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ನಮ್ಮ ಸಂದರ್ಭದಲ್ಲಿ ಗಮನಿಸಬೇಕಾದ್ದು ಇಷ್ಟು: ಕಾರಣ ಗೊತ್ತಿಲ್ಲದ ಮೇಲ್ವಿಚಾರಕರಿಗೆ ಈ ಎರಡೂ ರೂಪಗಳು ಸಲ್ಲುವುದಿಲ್ಲ. 'ತಡ ಮಾಡಿದಿರಿ' ಎಂದರೆ ವಿಚಾರಿಸದೆಯೇ ಅಪರಾಧ ಹೊರಿಸಿದಂತೆ. 'ತಡವಾಯಿತು' ಎಂದರೆ ವಿಚಾರಿಸದೆಯೇ ಬಿಡುಗಡೆ ಮಾಡಿದಂತೆ. ಎರಡನೆಯದು ಮೃದುವಾಗಿ ಕೇಳಿಸುವುದರಿಂದ ಅದನ್ನೇ ಸೌಜನ್ಯವೆಂದು ಶಿಫಾರಸು ಮಾಡುವವರಿದ್ದಾರೆ. ಆದರೆ ಇಷ್ಟದ ನೌಕರರಿಗೆ 'ತಡವಾಯಿತೇ?' ಎಂದೂ ಬೇಡದವರಿಗೆ 'ಯಾಕೆ ತಡ ಮಾಡಿದಿರಿ?' ಎಂದೂ ಕೇಳುವ ಕಚೇರಿಯಲ್ಲಿ ಪಕ್ಷಪಾತ ಇರುವುದು ಈ ಎರಡು ಧಾತುಗಳ ಹಂಚಿಕೆಯಲ್ಲೇ. ಒಬ್ಬರೇ ಮೇಲ್ವಿಚಾರಕರು ಹಲವರಿಗೆ ಬರೆದ ಸೂಚನೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅದು ಕಣ್ಣಿಗೆ ಬೀಳುತ್ತದೆ. ಬಿಡಿಯಾಗಿ ಓದಿದವರಿಗೆ ಕಾಣುವುದಿಲ್ಲ.

ಇಚ್ಛೆಯ ಪ್ರಶ್ನೆಯನ್ನೇ ಎತ್ತದ ಮೂರನೆಯ ದಾರಿಯೂ ಇದೆ. 'ನಿಮ್ಮ ಹಾಜರಿ 9.52ಕ್ಕೆ ದಾಖಲಾಗಿದೆ' ಎಂಬ ವಾಕ್ಯದಲ್ಲಿ ಕರ್ತೃವಾಗಿ ನಿಂತಿರುವುದು ಹಾಜರಿ. ವ್ಯಕ್ತಿ ಷಷ್ಠಿಯಲ್ಲಿ ಹಿಂದೆ ಸರಿದಿದ್ದಾರೆ. ಏಕೆ, ಹೇಗೆ ಎಂಬುದರ ಬಗ್ಗೆ ವಾಕ್ಯ ಏನನ್ನೂ ಹೇಳುತ್ತಿಲ್ಲ. ಮೇಲ್ವಿಚಾರಕರಿಗೆ ನಿಜವಾಗಿ ತಿಳಿದಿರುವುದೂ ಅಷ್ಟೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಇದೂ ಕರ್ತೃವನ್ನು ಮರೆಸುವ ವಾಕ್ಯವಲ್ಲವೇ, (2)ರ 'ಪರಿಗಣಿಸಲಾಗಿದೆ'ಗಿಂತ ಇದು ಹೇಗೆ ಭಿನ್ನ? ಭಿನ್ನವಾಗಿದೆ, ಮತ್ತು ನಮ್ಮ ವಿಷಯದ ತಿರುಳು ಇರುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. 'ದಾಖಲಾಗು' ಅಕರ್ಮಕ, ಅದಕ್ಕೆ ಕರ್ತೃವಾಗಬಲ್ಲ ಮನುಷ್ಯರೊಬ್ಬರನ್ನು ಊಹಿಸಬೇಕಾಗಿಲ್ಲ, ಯಂತ್ರ ದಾಖಲಿಸಿತು ಎಂದರೂ ಸಾಕು. 'ವರ್ತನೆಯನ್ನು ಪರಿಗಣಿಸಲಾಗಿದೆ' ಎಂಬಲ್ಲಿಯಾದರೋ ಕ್ರಿಯೆ ಸಕರ್ಮಕವಾಗಿಯೇ ಉಳಿದಿದೆ. ದ್ವಿತೀಯಾ ವಿಭಕ್ತಿ ಹಾಗೆಯೇ ಇದೆ. ಪರಿಗಣಿಸಿದವರು ಒಬ್ಬರು ಇದ್ದಾರೆ, ಹೆಸರು ಮಾತ್ರ ಇಲ್ಲ. ಕನ್ನಡದ 'ಪಡು' ಕರ್ಮಣಿಯಲ್ಲಿ ಕರ್ಮಪದ ಪ್ರಥಮೆಗೆ ಏರಿ ವಾಕ್ಯದ ಕೇಂದ್ರಕ್ಕೆ ಬರುತ್ತದೆ. 'ಲಾಗು' ರಚನೆಯಲ್ಲಿ ಅದು ದ್ವಿತೀಯೆಯಲ್ಲೇ ಉಳಿಯಬಲ್ಲದು. ಕರ್ತೃವಿನ ಸ್ಥಾನ ಖಾಲಿ ಬಿದ್ದಿರುತ್ತದೆ. ಆ ಖಾಲಿ ಸ್ಥಾನವನ್ನು ಓದುಗರು 'ಸಂಸ್ಥೆ', 'ಮೇಲಿನವರು', 'ಆಡಳಿತ' ಎಂದು ತುಂಬಿಕೊಳ್ಳುತ್ತಾರೆ. ಒಬ್ಬ ಮೇಲ್ವಿಚಾರಕರ ಬೆಳಗಿನ ಬೇಸರ ಇಡೀ ಸಂಸ್ಥೆಯ ನಿರ್ಣಯವಾಗಿ ಕಾಣುವುದು ಹೀಗೆ.

ಗಾಫ್‌ಮನ್ ಅವರು ಮಾತನ್ನು ಉಚ್ಚರಿಸುವವರು, ಅದರ ಪದಗಳನ್ನು ಆಯ್ದವರು, ಅದರ ನಿಲುವಿಗೆ ಬದ್ಧರಾದವರು ಎಂದು ಮೂವರನ್ನು ಬೇರ್ಪಡಿಸುತ್ತಾರೆ. (2)ರಲ್ಲಿ ಮೊದಲ ಇಬ್ಬರು ಮೇಲ್ವಿಚಾರಕರೇ. ಮೂರನೆಯವರು ಯಾರೆಂದು ನೌಕರರಿಗೆ ತಿಳಿಯುವುದಿಲ್ಲ. ಆದ್ದರಿಂದ ಉತ್ತರವನ್ನು ಯಾರಿಗೆ ಕೊಡಬೇಕೆಂದೂ ತಿಳಿಯುವುದಿಲ್ಲ. ಬ್ರೌನ್ ಮತ್ತು ಲೆವಿನ್ಸನ್ ಅವರ ಪಟ್ಟಿಯಲ್ಲಿ ಹೇಳುವವರನ್ನೂ ಕೇಳುವವರನ್ನೂ ಮರೆಸುವುದು, ಕ್ರಿಯೆಯನ್ನು ನಾಮಪದವಾಗಿಸುವುದು, ಮಾತನ್ನು ಸಾಮಾನ್ಯ ನಿಯಮವಾಗಿ ಹೇಳುವುದು ಇವೆಲ್ಲ ಎದುರಿನವರ ಮೇಲಿನ ಒತ್ತಡವನ್ನು ತಗ್ಗಿಸುವ ಸೌಜನ್ಯದ ಉಪಾಯಗಳು. 'ಸದರಿ ವರ್ತನೆ', 'ಪುನರಾವರ್ತನೆ', 'ಕೈಗೊಳ್ಳಲಾಗುವುದು' ಈ ಪಟ್ಟಿಗೆ ಚೆನ್ನಾಗಿ ಹೊಂದುತ್ತವೆ. ಆದರೂ ಕನ್ನಡ ಕಚೇರಿಯಲ್ಲಿ ಅವು ಒತ್ತಡವನ್ನು ಹೆಚ್ಚಿಸುತ್ತವೆ. ಕಾರಣ ಸರಳ: ಈ ರಚನೆಗಳನ್ನು ಓದುಗರು ಈ ಮೊದಲು ಕಂಡಿರುವುದು ನೋಟೀಸು, ಜಪ್ತಿ, ಅಮಾನತ್ತುಗಳ ಭಾಷೆಯಲ್ಲಿ. ಉಪಾಯದ ಅರ್ಥವನ್ನು ಅದು ಹಿಂದೆ ಓಡಾಡಿದ ಜಾಗಗಳು ನಿರ್ಧರಿಸುತ್ತವೆ.

'ಗಮನಕ್ಕೆ ಬಂದಿರುತ್ತದೆ' ಎಂಬುದರ ಬಗ್ಗೆಯೂ ಒಂದು ಮಾತು. ಆಡಳಿತ ಕನ್ನಡದಲ್ಲಿ 'ಇರುತ್ತದೆ' ಎಂಬುದು 'ಇದೆ'ಯ ಗಂಭೀರ ರೂಪವಾಗಿ ಬಳಕೆಯಾಗುತ್ತದೆ. ಸಾಮಾನ್ಯ ಕನ್ನಡದಲ್ಲಿಯಾದರೆ 'ಅವರು ಇಷ್ಟು ಹೊತ್ತಿಗೆ ಬಂದಿರುತ್ತಾರೆ' ಎಂಬುದು ಊಹೆ. ಖಚಿತವಾಗಿ ತಿಳಿದ ಸಂಗತಿಯನ್ನು ಊಹೆಯ ರೂಪದಲ್ಲಿ ಬರೆಯುವ ಈ ರೂಢಿ ಎಲ್ಲಿಂದ ಬಂತೆಂಬುದು ಬೇರೆಯೇ ಲೇಖನದ ವಿಷಯ. ಇಲ್ಲಿ ಅದರಿಂದ ಆಗುವ ಲಾಭ ಏನೂ ಇಲ್ಲ.

ಮೂರನೆಯ ನೆಲೆ ಪ್ರತ್ಯಯದಷ್ಟೇ ಚಿಕ್ಕದು. 'ಇವತ್ತೂ ಲೇಟಾ?' ಎಂಬುದರಲ್ಲಿ ಸಮುಚ್ಚಯದ 'ಊ' ಹಿಂದೆಯೂ ತಡವಾಗಿತ್ತೆಂಬುದನ್ನು ಪೂರ್ವಕಲ್ಪನೆಯಾಗಿ ಸೇರಿಸುತ್ತದೆ. ಪೂರ್ವಕಲ್ಪನೆಯನ್ನು ಗುರುತಿಸುವ ಹಳೆಯ ಪರೀಕ್ಷೆ ನಿಷೇಧ. ನೌಕರರು 'ಇಲ್ಲ, ಇವತ್ತು ಸಮಯಕ್ಕೆ ಬಂದೆ' ಎಂದರೂ ಹಿಂದಿನ ದಿನಗಳ ಆರೋಪ ಅಳಿಯುವುದಿಲ್ಲ. 'ಹೌದು' ಎಂದರಂತೂ ಎರಡನ್ನೂ ಒಪ್ಪಿಕೊಂಡಂತೆ. ಅದನ್ನು ಅಲ್ಲಗಳೆಯಬೇಕಾದರೆ ಪ್ರಶ್ನೆಯನ್ನೇ ಪ್ರಶ್ನಿಸಬೇಕು. ಮೇಲಿನವರೊಡನೆ ಹಾಗೆ ಮಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. 'ಎಷ್ಟು ಸಲ ಹೇಳಬೇಕು?' ಎಂಬುದೂ ಹೀಗೆಯೇ. ರೂಪದಲ್ಲಿ ಅದು ಪ್ರಶ್ನೆ, ಆದರೆ 'ಮೂರು ಸಲ' ಎಂದು ಉತ್ತರಿಸಿದವರು ಉದ್ಧಟರಾಗುತ್ತಾರೆ. ಮೊದಲು ಎಂದೂ ಹೇಳಿರದಿದ್ದರೆ? ಅದನ್ನು ತಿಳಿಸಲು ಆ ವಾಕ್ಯದಲ್ಲಿ ಎಡೆಯಿಲ್ಲ. ಸೂಚನೆಯ ಪ್ರತಿ ವಾಕ್ಯವನ್ನೂ ಓದುತ್ತಾ ಇದಕ್ಕೆ ನೌಕರರು ಮರ್ಯಾದೆ ಮೀರದೆ 'ಇಲ್ಲ' ಎನ್ನಬಹುದೇ ಎಂದು ಕೇಳಿಕೊಂಡರೆ ಬಹುಪಾಲು ದೋಷಗಳು ತಾವಾಗಿ ಹೊರಬೀಳುತ್ತವೆ. 'ದಾಖಲಾಗಿದೆ' ಎಂಬುದಕ್ಕೆ 'ಇಲ್ಲ' ಎನ್ನಬಹುದು. 'ಪದೇ ಪದೇ' ಎಂಬುದಕ್ಕೆ ಹೇಗೆ ಎನ್ನುವುದು?

'ನೋಡ್ಕೋತೀನಿ' ಎಂಬುದರ ಕಷ್ಟ ಬೇರೆ ಬಗೆಯದು. ಇದೇ ಕ್ರಿಯಾಪದವನ್ನು ತಾಯಿ ಮಗುವಿನ ಬಗ್ಗೆಯೂ ಹೇಳುತ್ತಾಳೆ. ಮಾತನಾಡುವವರು ಮುಂದಿನ ಕ್ರಿಯೆಯೊಂದಕ್ಕೆ ಬದ್ಧರಾಗುವ ವಾಗ್ವ್ಯಾಪಾರ ಇದು. ಕೇಳುವವರಿಗೆ ಹಿತವಾದರೆ ಆಶ್ವಾಸನೆ, ಅಹಿತವಾದರೆ ಬೆದರಿಕೆ. ಯಾವ ಕ್ರಿಯೆ ಎಂಬುದು ಹೇಳದೆ ಉಳಿದಿರುವುದರಿಂದಲೇ ಇಲ್ಲಿ ಬೆದರಿಕೆ ಹುಟ್ಟಿದೆ. (2)ರ 'ಶಿಸ್ತುಕ್ರಮ' ಎಷ್ಟೇ ಘನವಾಗಿ ಕೇಳಿಸಲಿ, ಅಷ್ಟೇ ಅಸ್ಪಷ್ಟ. ಇಂಥಿಂಥ ನಿಯಮದಂತೆ ಇಷ್ಟು ಎಂದು ಹೇಳಲಾಗದಿದ್ದರೆ ಪರಿಣಾಮವನ್ನು ಪ್ರಸ್ತಾಪಿಸದಿರುವುದೇ ಒಳ್ಳೆಯದು. ಸಿಟ್ಟಿನಲ್ಲಿ 'ಅರ್ಧ ದಿನದ ಸಂಬಳ ಹಿಡೀತೀನಿ' ಎಂದು ಬರೆಯುವವರು, ಗೈರಾದ ಅವಧಿಯ ಪ್ರಮಾಣಕ್ಕಿಂತ ಹೆಚ್ಚು ಕಡಿತವನ್ನು 1936ರ ಕಾಯಿದೆ ಸಾಮಾನ್ಯವಾಗಿ ಒಪ್ಪಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಸಂಬೋಧನೆಯ ವಿಷಯ ಹೆಚ್ಚು ಚರ್ಚೆಯಾಗಿರುವುದರಿಂದ ಅದನ್ನು ಬೇಗ ದಾಟುತ್ತೇವೆ. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಮುಂದಿಟ್ಟ ಅಧಿಕಾರ ಮತ್ತು ಆತ್ಮೀಯತೆಯ ಎರಡು ಅಕ್ಷಗಳು ಕನ್ನಡದ 'ನೀನು', 'ನೀವು', 'ತಾವು'ಗಳಿಗೂ ಒಂದು ಮಟ್ಟಿಗೆ ಹೊಂದುತ್ತವೆ. ದಿನವೂ 'ನೀವು' ಎನ್ನುವವರಿಗೆ ತಪ್ಪು ತೋರಿಸುವ ದಿನ ಮಾತ್ರ 'ತಾವು' ಎಂದರೆ ಗೌರವ ಏರುವುದಿಲ್ಲ, ಅಂತರ ಏರುತ್ತದೆ. ಕೆಲವೊಮ್ಮೆ ವ್ಯಂಗ್ಯವೂ ಆಗುತ್ತದೆ. ಗುಮಾಸ್ತರಿಗೆ 'ನೀವು', ಸಹಾಯಕರಿಗೆ 'ನೀನು' ಎಂದು ಬರೆಯುವ ರೂಢಿ ಮಾತಿನಲ್ಲಿ ಸಹಜವಾಗಿ ಸಾಗಿಬಿಡುತ್ತದೆ, ಬರಹದಲ್ಲಿ ಅಸಮಾನತೆಯ ದಾಖಲೆಯಾಗುತ್ತದೆ. ಎಲ್ಲರಿಗೂ 'ನೀವು' ಸಾಕು. 'ಏನ್ರೀ' ವಿಷಯದಲ್ಲಿ ಪ್ರದೇಶದ ಎಚ್ಚರ ಬೇಕು: ಧಾರವಾಡದ ಕಡೆ 'ರಿ' ಮಾತು ಮಾತಿಗೂ ಸೇರುವ ಸಹಜ ಮರ್ಯಾದೆ, ಮೈಸೂರು, ಬೆಂಗಳೂರಿನ ಕಡೆ 'ಏನ್ರೀ ಇದು' ಎಂದು ಎಳೆದರೆ ಅದು ತರಾಟೆ. ಬರಹದಲ್ಲಿ ಧ್ವನಿಯ ಏರಿಳಿತ ಇರುವುದಿಲ್ಲವಾದ್ದರಿಂದ ಓದುವವರು ತಮ್ಮ ಊರಿನ ರಾಗದಲ್ಲೇ ಅದನ್ನು ಓದಿಕೊಳ್ಳುತ್ತಾರೆ.

ಇಷ್ಟನ್ನೂ ಇಟ್ಟುಕೊಂಡು ಅದೇ ಸೂಚನೆಯನ್ನು ಮತ್ತೆ ಬರೆದರೆ ಹೀಗಾಗಬಹುದು:

(3) ನಮಸ್ಕಾರ. ಈ ತಿಂಗಳ 3, 5 ಮತ್ತು 11ರಂದು ನಿಮ್ಮ ಹಾಜರಿ 9.52, 10.05 ಮತ್ತು 9.48ಕ್ಕೆ ದಾಖಲಾಗಿದೆ. ನಮ್ಮಲ್ಲಿ ಎಲ್ಲರಿಗೂ 9.40ರವರೆಗೆ ರಿಯಾಯಿತಿ ಇದೆ. ದಾಖಲೆಯಲ್ಲಿ ತಪ್ಪಿದ್ದರೆ ತಿಳಿಸಿ, ಇಲ್ಲವಾದರೆ ಕಾರಣ ತಿಳಿಸಿ. ಶುಕ್ರವಾರ ಸಂಜೆಯೊಳಗೆ ಸಾಕು. ಸೋಮವಾರದಿಂದ 9.40ರೊಳಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಅದು ಕಷ್ಟವಾದರೆ ಶುಕ್ರವಾರ ಮಾತನಾಡೋಣ, ಸಮಯ ಬದಲಿಸಲು ಸಾಧ್ಯವೇ ನೋಡುತ್ತೇನೆ. ಇದನ್ನು ನಿಮಗೊಬ್ಬರಿಗೇ ಬರೆದಿದ್ದೇನೆ. ಇದು ಎಚ್ಚರಿಕೆ ಪತ್ರವಲ್ಲ.

ಇದರಲ್ಲಿ ಒಂದೂ 'ಲಾಗಿದೆ' ಇಲ್ಲ, ಕಠಿಣ ಸಂಸ್ಕೃತ ಸಮಾಸವೂ ಇಲ್ಲ. ಆದರೂ ಇದನ್ನು ಯಾರೂ ಸಲಿಗೆಯ ಮಾತೆನ್ನಲಾರರು. ಯಂತ್ರ ಮಾಡಿದ ಕೆಲಸಕ್ಕೆ ಕರ್ತೃವಿಲ್ಲದ ಕ್ರಿಯೆ, ಮೇಲ್ವಿಚಾರಕರು ಮಾಡುವ ಕೆಲಸಕ್ಕೆ ಉತ್ತಮ ಪುರುಷದ ಪ್ರತ್ಯಯ: 'ಕೇಳಿಕೊಳ್ಳುತ್ತೇನೆ', 'ನೋಡುತ್ತೇನೆ', 'ಬರೆದಿದ್ದೇನೆ'. (1)ರಲ್ಲಿ 'ನೋಡ್ಕೋತೀನಿ' ಆಗಿದ್ದುದು ಇಲ್ಲಿ 'ಸಮಯ ಬದಲಿಸಲು ಸಾಧ್ಯವೇ' ಎಂಬ ವಿಷಯವನ್ನು ಪಡೆದು 'ನೋಡುತ್ತೇನೆ' ಆಗಿದೆ. 'ನಿಮಗೊಬ್ಬರಿಗೇ' ಎಂಬಲ್ಲಿನ ಅವಧಾರಣೆಯ 'ಏ' ಕುತೂಹಲಕರ. 'ನಿಮಗೊಬ್ಬರಿಗೇ ಆಗೋದಿಲ್ಲವೇ?' ಎಂದಿದ್ದರೆ ಅದು ಉಳಿದವರಿಂದ ಬೇರ್ಪಡಿಸುವ ಆರೋಪವಾಗುತ್ತಿತ್ತು. ಇಲ್ಲಿ ಅದೇ 'ಏ' ಉಳಿದವರ ಕಣ್ಣಿನಿಂದ ಕಾಪಾಡುತ್ತಿದೆ. ಪ್ರತ್ಯಯಗಳಿಗೆ ಒಳ್ಳೆಯದು ಕೆಟ್ಟದ್ದೆಂಬ ಹಣೆಪಟ್ಟಿ ಹಚ್ಚಿ ಪಟ್ಟಿ ಮಾಡುವ ಕೈಪಿಡಿಗಳಿಂದ ಉಪಯೋಗವಿಲ್ಲದಿರುವುದು ಇದರಿಂದಲೇ.

ಕಾರಣ ಕೇಳುವ ವಾಕ್ಯದಲ್ಲಿ ನಾವೂ ಮೊದಲು ಎಡವಿದೆವು. 'ಕಾರಣವಿದ್ದರೆ ತಿಳಿಸಿ' ಎಂದು ಬರೆದಿದ್ದೆವು. ಆದರೆ 'ರೆ' ಪ್ರತ್ಯಯದ ಪಕ್ಷಾರ್ಥಕ ಕಾರಣವೇ ಇಲ್ಲದಿರಬಹುದೆಂಬ ಅನುಮಾನವನ್ನು ಜೊತೆಗೆ ತರುತ್ತದೆ. 'ಕಾರಣ ಏನಿದ್ದರೂ ತಿಳಿಸಿ' ಎಂದು ಬದಲಿಸಿದರೆ, 'ಏನಿದ್ದರೂ' ಎಂಬುದು ಆದೇಶಗಳಲ್ಲಿ ನಿರಾಕರಣೆಗೆ ಮುನ್ನುಡಿಯಾಗಿ ಬಳಕೆಯಾಗಿರುವುದರಿಂದ ಓದುವಾಗಲೇ ಬಾಗಿಲು ಮುಚ್ಚಿದಂತೆ ಕೇಳಿಸಿತು. ಕೊನೆಗೆ ಷರತ್ತನ್ನು ದಾಖಲೆಯ ಕಡೆಗೆ ತಿರುಗಿಸಿ, ಕಾರಣವನ್ನು ಬರಿಯ ವಿಧ್ಯರ್ಥದಲ್ಲಿ ಉಳಿಸಿದೆವು: 'ದಾಖಲೆಯಲ್ಲಿ ತಪ್ಪಿದ್ದರೆ ತಿಳಿಸಿ, ಇಲ್ಲವಾದರೆ ಕಾರಣ ತಿಳಿಸಿ.' ಅನುಮಾನ ಈಗ ಯಂತ್ರದ ಮೇಲಿದೆ. ಕಾರಣ ಇದೆ ಎಂಬುದನ್ನು ವಾಕ್ಯವೇ ಒಪ್ಪಿಕೊಂಡಿದೆ.

ಇದೇ ವಿಷಯವನ್ನು ಇಡೀ ಗುಂಪಿಗೆ ಬರೆಯುವ ಪದ್ಧತಿಯೂ ಇದೆ: 'ಕೆಲವರು ತಡವಾಗಿ ಬರುತ್ತಿದ್ದಾರೆ. ನಾವೆಲ್ಲ ಸಮಯಪಾಲನೆ ಮಾಡಬೇಕು.' ಹೆಸರಿಸದಿರುವುದು ದಾಕ್ಷಿಣ್ಯವೆಂದು ತೋರಿದರೂ, ಹದಿನಾಲ್ಕು ಜನರಲ್ಲಿ 'ಕೆಲವರು' ಯಾರೆಂದು ಎಲ್ಲರೂ ಮಧ್ಯಾಹ್ನದೊಳಗೆ ಊಹಿಸಿರುತ್ತಾರೆ, ಮತ್ತು ಊಹೆ ತಪ್ಪಿಯೂ ಇರಬಹುದು. ವಾಕ್ಯಕ್ಕೆ ಉತ್ತರಿಸುವ ಹಕ್ಕು ಯಾರಿಗೂ ಇಲ್ಲ. ಉತ್ತರಿಸಿದವರು ತಾವೇ ಆ ಕೆಲವರಲ್ಲೊಬ್ಬರೆಂದು ಒಪ್ಪಿಕೊಂಡಂತಾಗುತ್ತದೆ. 'ನಾವೆಲ್ಲ' ಎಂಬುದರಲ್ಲಿ ಇನ್ನೊಂದು ತೊಡಕಿದೆ. ಕೇಳುವವರನ್ನು ಒಳಗೊಂಡ 'ನಾವು' ಮತ್ತು ಹೊರಗಿಟ್ಟ 'ನಾವು' ಎಂಬ ಭೇದವನ್ನು ತಮಿಳೂ ತೆಲುಗೂ ಸರ್ವನಾಮದಲ್ಲೇ ತೋರಿಸುತ್ತವೆ. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ. ಆದ್ದರಿಂದ 'ನಾವೆಲ್ಲ ಬರಬೇಕು' ಎಂದಾಗ ಬರೆದವರು ಆ ನಿಯಮಕ್ಕೆ ನಿಜವಾಗಿ ಒಳಪಟ್ಟಿದ್ದಾರೆಯೇ ಎಂಬುದು ತೆರೆದೇ ಉಳಿಯುತ್ತದೆ. 'ಓಣ' ಪ್ರತ್ಯಯ ಮಾತ್ರ ಇಬ್ಬರನ್ನೂ ಒಳಗೊಳ್ಳುತ್ತದೆ. 'ಸಮಯಕ್ಕೆ ಬರೋಣ' ಎಂದು ಬರೆದು ತಾವು ಹನ್ನೊಂದು ಗಂಟೆಗೆ ಬರುವವರ ಸೂಚನೆ ಆ ದಿನದ ನಗೆಚಾಟಿಕೆಯಾಗುತ್ತದೆ. (3)ರಲ್ಲಿ ನಾವು 'ಓಣ'ವನ್ನು ಇಬ್ಬರೂ ಸೇರಿ ಮಾಡಬೇಕಾದ ಒಂದೇ ಕೆಲಸಕ್ಕೆ, ಮಾತನಾಡುವುದಕ್ಕೆ, ಉಳಿಸಿಕೊಂಡಿದ್ದೇವೆ.

(3)ಕ್ಕೂ ಮಿತಿಗಳಿವೆ. ಮೂರು ನಾಲ್ಕು ಜನರಿರುವ ಅಂಗಡಿಯಲ್ಲಿ, 'ಯಾಕಪ್ಪಾ, ಇವತ್ತು ತಡ ಆಯ್ತು?' ಎಂದು ಎದುರಿಗೇ ಕೇಳುವ ವಾಡಿಕೆ ಇರುವ ಕಡೆ, ದಿನಾಂಕ ನಿಮಿಷಗಳ ಪಟ್ಟಿ ಬಂದರೆ ಅದು ಕೆಲಸದಿಂದ ತೆಗೆಯುವ ಸಿದ್ಧತೆಯಂತೆ ಕಾಣುತ್ತದೆ. ನಿಖರತೆಯೂ ಒಂದು ಸಂಕೇತವೇ; ಅದರ ಅರ್ಥವನ್ನೂ ಅಲ್ಲಿನ ರೂಢಿ ನಿರ್ಧರಿಸುತ್ತದೆ. ಅಂಥಲ್ಲಿ ಮೊದಲು ಮಾತು, ಆಮೇಲೆ ಬರಹ. 'ಇದು ಎಚ್ಚರಿಕೆ ಪತ್ರವಲ್ಲ' ಎಂಬ ವಾಕ್ಯವನ್ನು ಪ್ರತಿ ತಿಂಗಳೂ ಬರೆದರೆ ಅದರ ಬೆಲೆ ಇಳಿಯುತ್ತದೆ. ಒಮ್ಮೆ ಹಾಗೆ ಬರೆದು ಮುಂದೆ ಅದೇ ಸಂದೇಶವನ್ನು ಎಚ್ಚರಿಕೆಯೆಂದು ಲೆಕ್ಕಕ್ಕೆ ಹಿಡಿದರೆ ಆಗುವ ಅನ್ಯಾಯ (2)ರದ್ದಕ್ಕಿಂತ ದೊಡ್ಡದು.

ನಮ್ಮ ಕಟ್ಟುಕಥೆಯ ನೌಕರರು ಗುರುವಾರ ಉತ್ತರಿಸುತ್ತಾರೆ: '5ರಂದು ಬೆಳಿಗ್ಗೆ ನೀವೇ ಹೇಳಿದಂತೆ ಬ್ಯಾಂಕಿಗೆ ಚೆಕ್ ಕಟ್ಟಿ ಬಂದೆ ಸರ್. 3 ಮತ್ತು 11 ನನ್ನ ತಪ್ಪು, ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ಬಸ್ಸು ಸಿಗಲಿಲ್ಲ.' 5ರ ವಿಷಯ ಮೇಲ್ವಿಚಾರಕರಿಗೆ ಮರೆತೇ ಹೋಗಿತ್ತು. (1)ಕ್ಕೆ ಉತ್ತರವಾಗಿ ಈ ಮಾತನ್ನು ಹೇಳಲು ಸಾಧ್ಯವಿರಲಿಲ್ಲ: 'ದಿನಾ' ಎಂಬುದರಿಂದ ಒಂದು ದಿನವನ್ನು ಕಳೆಯಲಾಗುವುದಿಲ್ಲ. ಮೂರು ದಿನಾಂಕಗಳಿಂದ ಒಂದನ್ನು ಕಳೆಯಬಹುದು. 'ನನ್ನ ತಪ್ಪು' ಎಂದು ಅವರಾಗಿಯೇ ಬರೆದಿರುವುದನ್ನೂ ಗಮನಿಸಬೇಕು. 'ಆಗು', 'ಮಾಡು'ಗಳ ಆಯ್ಕೆಯನ್ನು ಸೂಚನೆ ಅವರಿಗೇ ಬಿಟ್ಟಿತ್ತು. ಮೇಲ್ವಿಚಾರಕರ ಮರುತ್ತರ ಎರಡು ವಾಕ್ಯಗಳದು: '5ರದು ನನಗೆ ಮರೆತಿತ್ತು, ಅದನ್ನು ಕೆಲಸದ ವೇಳೆ ಎಂದು ತಿದ್ದಿಸಿದ್ದೇನೆ. ಶಾಲೆಯ ಸಮಯ ಎಷ್ಟೆಂದು ತಿಳಿಸಿ, ನಾಳೆ ಮಾತನಾಡೋಣ.' 'ತಿದ್ದಿಸಿದ್ದೇನೆ' ಎಂಬಲ್ಲಿ ಪ್ರೇರಣಾರ್ಥಕ ಇದೆ, ಕೈ ಬೇರೆಯವರದು. ಹೊಣೆ ಹೊತ್ತ ಉತ್ತಮ ಪುರುಷ ಮಾತ್ರ ಅಳಿದಿಲ್ಲ. 'ತಿದ್ದಲಾಗಿದೆ' ಎಂದೂ ಬರೆಯಬಹುದಿತ್ತು.